ಸ್ಲ್ಯಾಬ್ ತಪಾಸಣೆಯ ಉದ್ದನೆಯ ಪಟ್ಟಿಯನ್ನು ನಾಲ್ಕು ಭಾಗ ಮಾಡಿದ ನನ್ನ ಅನುಭವ

ಕಾಂಕ್ರೀಟ್ ಸುರಿಯುವ ಮೊದಲು ಸ್ಲ್ಯಾಬ್ ಪರೀಕ್ಷಿಸಲು ನನ್ನ ಬಳಿ ಇದ್ದ ಪಟ್ಟಿಯಲ್ಲಿ ಸುಮಾರು ನೂರಹತ್ತು ಅಂಶಗಳು ಒಂದೇ ಸಾಲಿನಲ್ಲಿದ್ದವು. ಅದನ್ನು ಭಾಗಗಳಾಗಿ ಒಡೆದು, ಪ್ರತಿ ಭಾಗಕ್ಕೂ ಬೇರೆ ಸಹಿ ಬೇಕು ಎಂದು ನಾನು ಹೇಳಿದಾಗ, ನಾಲ್ಕು ಸಹಿಗೆ ಕಾಯುತ್ತ ಕೂತರೆ ಸ್ಲ್ಯಾಬ್ ಎಂದಿಗೂ ಮುಗಿಯುವುದಿಲ್ಲ ಎಂದು ಜೊತೆಯವರೆಲ್ಲ ವಾದಿಸಿದರು. ಈಗ ಅದೇ ನಮೂನೆಯಲ್ಲಿ ಹದಿನೈದಕ್ಕೂ ಹೆಚ್ಚು ಸ್ಲ್ಯಾಬ್‌ಗಳು ಮುಗಿದಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲ ಪ್ರಯತ್ನ ಸೋತಿತು. ಎಲ್ಲರಂತೆ ನಾನೂ ಕೆಲಸಗಾರರ ಲೆಕ್ಕದಲ್ಲಿ, ಅಂದರೆ ಸೆಂಟ್ರಿಂಗ್, ಕಬ್ಬಿಣ, ವಿದ್ಯುತ್, ಪ್ಲಂಬಿಂಗ್ ಎಂದು ಭಾಗ ಮಾಡಿದ್ದೆ. ಕಾಗದದ ಮೇಲೆ ಅಚ್ಚುಕಟ್ಟಾಗಿ ಕಂಡ ಆ ವಿಂಗಡಣೆ ಸೈಟಿನಲ್ಲಿ ನಿಲ್ಲಲಿಲ್ಲ. ಏಕೆಂದರೆ ಕಬ್ಬಿಣದ ಭಾಗವನ್ನು ತೆರೆಯುವ ಹೊತ್ತಿಗೆ ಮೇಲಿನ ಜಾಲರಿ ಕಟ್ಟಿ ಮುಗಿದಿರುತ್ತಿತ್ತು, ಕೆಳಗಿನ ಸರಳುಗಳ ಅಂತರವಾಗಲಿ ಅವನ್ನು ಷಟರಿಂಗಿನಿಂದ ಎತ್ತಿ ಹಿಡಿಯುವ ಕವರ್ ಬ್ಲಾಕ್‌ಗಳಾಗಲಿ ಅಳತೆಗೆ ಸಿಗುತ್ತಿರಲಿಲ್ಲ. ಕಾಣದ್ದಕ್ಕೂ ಪಾಸ್ ಗುರುತು ಬೀಳುತ್ತಿತ್ತು. ಒಮ್ಮೆ ಹೀಗೆ ಬಿಟ್ಟುಹೋದ ಕವರ್ ಬ್ಲಾಕ್‌ಗಳಿಗಾಗಿ ಸುರಿಯುವ ದಿನದ ಬೆಳಿಗ್ಗೆ ಮೇಲಿನ ಜಾಲರಿಯನ್ನು ಬಿಚ್ಚಿಸಬೇಕಾಯಿತು. ಎಂಟು ಜನ ಬಾರ್‌ಬೆಂಡರ್‌ಗಳ ಅರ್ಧ ದಿನದ ಕೂಲಿ, ಕಾದು ನಿಂತ ಪಂಪಿನ ಬಾಡಿಗೆ, ಹೊತ್ತು ಮೀರಿ ಹಿಂದಕ್ಕೆ ಹೋದ ಒಂದು ಲೋಡ್ ಕಾಂಕ್ರೀಟ್, ಇಷ್ಟೂ ನಮ್ಮ ತಲೆಯ ಮೇಲೆ ಬಿದ್ದವು.

ಆಮೇಲೆ ನಾನು ವಿಂಗಡಣೆಯ ಆಧಾರವನ್ನೇ ಬದಲಿಸಿದೆ. ಯಾವ ಅಂಶ ಯಾವಾಗ ಮರೆಯಾಗುತ್ತದೆ ಎಂಬುದೇ ಈಗ ಭಾಗದ ಗಡಿ. ಮೊದಲ ಭಾಗ ಕಬ್ಬಿಣ ಹಾಸುವ ಮುನ್ನ, ಅಂದರೆ ಪ್ರಾಪ್, ಬ್ರೇಸಿಂಗ್, ಷಟರಿಂಗಿನ ಲೆವೆಲ್, ಎಣ್ಣೆ. ಎರಡನೆಯದು ಕೆಳಗಿನ ಜಾಲರಿ ಮುಗಿದು ಕಾಂಡ್ಯೂಟ್ ಪೈಪು ಕೂತ ಮೇಲೆ, ಮೇಲಿನ ಜಾಲರಿಗೆ ಮೊದಲು. ಮೂರನೆಯದು ಮೇಲಿನ ಸರಳು, ಅದನ್ನು ಎತ್ತಿ ಹಿಡಿಯುವ ಚೇರ್, ಸರಳಿಗೆ ಸರಳು ಜೋಡಿಸುವ ಲ್ಯಾಪ್. ನಾಲ್ಕನೆಯದು ಸುರಿಯುವ ದಿನದ್ದು. ಹಿಂದಿನ ಭಾಗಕ್ಕೆ ವೇಳೆ ಸಹಿತ ಸಹಿ ಬೀಳದೆ ಮುಂದಿನ ಕೆಲಸ ಆರಂಭವಾಗುವುದಿಲ್ಲ. ಮೂರನೆಯ ಭಾಗದೊಳಗೆ ಪ್ರಶ್ನೆಗಳನ್ನು ನಾನು ಜೋಡಿಸಿರುವ ಕ್ರಮವನ್ನು ಮಾತ್ರ ಇಲ್ಲಿ ಹೇಳುವುದಿಲ್ಲ; ಅದನ್ನು ಕಂಡುಕೊಳ್ಳಲು ನನಗೆ ಎರಡು ವರ್ಷ ಹಿಡಿದಿದೆ.

ಪಾಸ್-ಫೇಲ್ ಕಾಲಮ್ಮಿಗೆ ಪ್ರಶ್ನೆಗಳ ಭಾಷೆಯನ್ನೂ ತಿದ್ದಬೇಕಾಯಿತು. ‘ಕಸ ಉಳಿದಿದೆಯೇ’ ಎಂಬ ಸಾಲಿಗೆ ಒಬ್ಬರು ಪಾಸ್ ಎಂದರೆ ಇನ್ನೊಬ್ಬರು ಫೇಲ್ ಎನ್ನುತ್ತಿದ್ದರು. ಅದನ್ನು ‘ಕಸ ಪೂರ್ತಿ ತೆಗೆದಿದೆ’ ಎಂದು ಬದಲಿಸಿದೆ. ‘ಕವರ್ ಮತ್ತು ಅಂತರ ಸರಿಯಿದೆ’ ಎಂಬಂಥ ಜೋಡಿ ಸಾಲುಗಳನ್ನು ಎರಡಾಗಿ ಒಡೆದೆ. ‘ಅನ್ವಯವಿಲ್ಲ’ ಎಂಬ ಮೂರನೆಯ ಆಯ್ಕೆ ಇಲ್ಲದಿದ್ದಾಗ ಸ್ಲೀವ್ ಇಲ್ಲದ ಸ್ಲ್ಯಾಬಿನಲ್ಲೂ ಸ್ಲೀವಿಗೆ ಪಾಸ್ ಸಿಕ್ಕಿತ್ತು. ನಡುವೆ ಅಂಶಗಳಿಗೆ ಅಂಕ ಕೊಟ್ಟು ಒಟ್ಟು ಶೇಕಡಾವಾರು ತೆಗೆಯುವ ಪ್ರಯೋಗವನ್ನೂ ಮಾಡಿದೆ. ಬ್ರೇಸಿಂಗ್ ಇಲ್ಲದ ಒಂದು ಮೂಲೆಯಿದ್ದರೂ ಸ್ಲ್ಯಾಬಿಗೆ ತೊಂಬತ್ತಕ್ಕೂ ಹೆಚ್ಚು ಅಂಕ ಬಂದದ್ದನ್ನು ಕಂಡ ದಿನವೇ ಅದನ್ನು ಕೈಬಿಟ್ಟೆ.

ಷರಾ ಕಾಲಮ್ಮೇ ನನ್ನನ್ನು ಹೆಚ್ಚು ದಣಿಸಿತು. ಜಾಗ ಕಿರಿದಾಗಿದ್ದಾಗ ಎಲ್ಲರೂ ‘ಸರಿಪಡಿಸಲಾಗುವುದು’ ಎಂದಷ್ಟೇ ಬರೆದು ಮುಗಿಸುತ್ತಿದ್ದರು. ಈಗ ಅದು ಹಾಳೆಯ ಮೂರನೇ ಒಂದು ಪಾಲು ಅಗಲವಿದೆ, ಫೇಲ್ ಆದ ಸಾಲಿಗೆ ಸ್ಥಳ, ಅಳತೆ, ಹೊಣೆ ಈ ಮೂರನ್ನೂ ಬರೆಯಲೇಬೇಕು. ಎಕ್ಸೆಲ್ ಹಾಳೆಯಲ್ಲಿ ಫಲಿತಾಂಶ D ಕಾಲಮ್ಮಿನಲ್ಲೂ, ಮರುಪರೀಕ್ಷೆ E ಯಲ್ಲೂ, ಷರಾ F ನಲ್ಲೂ ಇದೆ. ಫೇಲ್ ಎಂದು ಆರಿಸಿ ಷರಾ ಖಾಲಿ ಬಿಟ್ಟರೆ ಸಾಲು ಕೆಂಪಾಗಲು, ಐದನೇ ಸಾಲಿನಿಂದ ಕೆಳಕ್ಕೆ ಆಯ್ದು ಕಂಡಿಷನಲ್ ಫಾರ್ಮ್ಯಾಟಿಂಗಿನಲ್ಲಿ ಈ ಸೂತ್ರ ಹಾಕಿದ್ದೇನೆ:

```
=AND($D5="ಫೇಲ್",LEN(TRIM($F5))=0)
```

ಮುದ್ರಿಸುವವರು `Rows to repeat at top` ಮರೆಯಬಾರದು. ಎರಡನೆಯ ಪುಟದಲ್ಲಿ ಶೀರ್ಷಿಕೆ ಬಾರದೆ ಇಡೀ ಪುಟದ ಗುರುತುಗಳು ತಪ್ಪು ಕಾಲಮ್ಮಿಗೆ ಬಿದ್ದದ್ದು ನಮ್ಮಲ್ಲೇ ಆಗಿದೆ.

ಇತ್ತೀಚಿನ ಒಂದು ಸ್ಲ್ಯಾಬಿನ ಎರಡನೆಯ ಭಾಗದಲ್ಲಿ ಕೆಳ ಸರಳುಗಳ ಅಂತರದ ಸಾಲು ಫೇಲ್ ಆಯಿತು. ಷರಾದಲ್ಲಿ ‘ಬಿ-3ರಿಂದ ಬಿ-4, ನಕ್ಷೆಯಲ್ಲಿ 150 ಮಿ.ಮೀ., ಅಳತೆ 180. ಕಬ್ಬಿಣದ ಮೇಸ್ತ್ರಿ’ ಎಂದಿತ್ತು. ಅಲ್ಲಿ ಆರರಲ್ಲೊಂದು ಪಾಲು ಕಬ್ಬಿಣ ಕಡಿಮೆಯಿತ್ತು. ಮೇಲಿನ ಜಾಲರಿ ಇನ್ನೂ ಹಾಸಿರದ ಕಾರಣ ಇಬ್ಬರು ಸೇರಿ ಒಂದೂವರೆ ಗಂಟೆಯಲ್ಲಿ ಸರಿಪಡಿಸಿದರು. D ಯಲ್ಲಿದ್ದ ಫೇಲ್ ಅನ್ನು ಅಳಿಸದೆ, E ಯಲ್ಲಿ ಮರುಪರೀಕ್ಷೆಯ ಪಾಸ್ ಮತ್ತು ವೇಳೆ ನಮೂದಿಸಿ ಎರಡನೆಯ ಭಾಗಕ್ಕೆ ಸಹಿ ಹಾಕಿದೆ. ಮಧ್ಯಾಹ್ನದ ಹೊತ್ತಿಗೆ ಚೇರ್‌ಗಳು ಕೂತಿದ್ದವು.