ಹಳೆಯ ಅಂಚೆಚೀಟಿಗೆ ಐವತ್ತು ಪದದ ವಿವರಣೆ ಬರೆಯುವುದು ಹೇಗೆ?

ಬಸವನಗುಡಿಯ ಗೆಳೆಯರೊಬ್ಬರು ಒಂದು ಸಣ್ಣ ಪ್ರದರ್ಶನಕ್ಕೆ ತಮ್ಮ ಅಂಚೆಚೀಟಿಗಳನ್ನು ಕೊಟ್ಟಿದ್ದರು. ಒಂದರ ಕೆಳಗೆ ಅಂಟಿಸುವ ವಿವರಣೆಯನ್ನು ನಾನು ಬರೆಯಬೇಕಿತ್ತು. ಮೊದಲು ಬರೆದದ್ದು ಇಷ್ಟು: ‘ವಿಕ್ಟೋರಿಯಾ ರಾಣಿ ಕಾಲದ ಅತಿ ಅಪರೂಪದ ಅಂಚೆಚೀಟಿ.’ ಗೆಳೆಯರು ನಕ್ಕರು. ಅದು ಬ್ರಿಟನ್ನಿನ ‘ಪೆನ್ನಿ ರೆಡ್’. ಕೋಟಿಗಟ್ಟಲೆ ಅಚ್ಚಾದ ಚೀಟಿ, ಅಪರೂಪ ಎಲ್ಲಿಂದ ಬಂತು? ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿತ್ತು. ನನ್ನ ಸಾಲು ಓದಿದವರು ಚೀಟಿಯ ಕಡೆ ತಿರುಗಿ ನೋಡಲು ಕಾರಣವೇ ಇರಲಿಲ್ಲ. ಆಮೇಲೆ ಹೀಗೆ ಮಾಡಿದೆವು.

ಮೊದಲು ಕೆತ್ತನೆ ನೋಡಿ. ಚೀಟಿಯನ್ನು ಚಿಮುಟದಲ್ಲಿ ಹಿಡಿಯಿರಿ, ಬೆರಳು ಬೇಡ. ಟಾರ್ಚನ್ನು ಪಕ್ಕದಿಂದ ಓರೆಯಾಗಿ ಬಿಟ್ಟು ಭೂತಗನ್ನಡಿಯಲ್ಲಿ ನೋಡಿ. ಕೆತ್ತನೆ ಅಚ್ಚಿನಲ್ಲಿ ಶಾಯಿ ಕಾಗದದ ಮೇಲೆ ಸಣ್ಣ ಏರಿಯಂತೆ ಎದ್ದು ನಿಂತಿರುತ್ತದೆ. ರಾಣಿಯ ಕೆನ್ನೆಯ ನೆರಳು ಬಣ್ಣ ಬಳಿದದ್ದಲ್ಲ, ಕೂದಲೆಳೆಯಂಥ ಗೆರೆಗಳ ಗುಂಪು. ಉಕ್ಕಿನ ಫಲಕದಲ್ಲಿ ಗೆರೆಗಳು ತಗ್ಗಾಗಿರುತ್ತವೆ. ಆ ತಗ್ಗಿನಲ್ಲಿ ಶಾಯಿ ತುಂಬಿ, ಮೇಲ್ಮೈ ಒರೆಸಿ, ಒದ್ದೆ ಮಾಡಿದ ಕಾಗದವನ್ನು ಬಲವಾಗಿ ಒತ್ತುತ್ತಿದ್ದರು. ಕಾಗದ ಮೆತ್ತಗಿದ್ದರೆ ತಾನೇ ತಗ್ಗಿಗೆ ಇಳಿದು ಶಾಯಿ ಎತ್ತಿಕೊಳ್ಳುವುದು! ಈ ಒದ್ದೆ ಕಾಗದವನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಹಳೆಯದೆಲ್ಲ ಕೆತ್ತನೆ ಅಚ್ಚು ಎಂದು ಮಾತ್ರ ಬರೆದುಬಿಡಬೇಡಿ. ನಮ್ಮಲ್ಲಿ 1854ರಲ್ಲಿ ಬಂದ ನೀಲಿ ಅರ್ಧಾಣೆ ಚೀಟಿ ಕಲ್ಲಚ್ಚಿನದು. ಅದರಲ್ಲಿ ಗೆರೆ ಏಳುವುದಿಲ್ಲ, ಚಪ್ಪಟೆಯಾಗಿಯೇ ಇರುತ್ತದೆ.

ಮುಖಬೆಲೆ. ಪೆನ್ನಿ ರೆಡ್‌ನ ಕೆಳಗೆ ‘ಒನ್ ಪೆನ್ನಿ’ ಎಂದು ಅಕ್ಷರದಲ್ಲಿದೆ, ಅಂಕಿ ಇಲ್ಲ. ದೇಶದ ಹೆಸರೂ ಇಲ್ಲ. ಇವತ್ತಿನ ರೂಪಾಯಿಗೆ ಎಷ್ಟು ಎಂದು ಲೆಕ್ಕ ಹಾಕಲು ಹೋಗಬೇಡಿ, ಅದರಿಂದ ಏನೂ ತಿಳಿಯುವುದಿಲ್ಲ. ಹಾಳೆಯ ಲೆಕ್ಕ ಹೇಳಿ. ಒಂದು ಸಾಲಿಗೆ 12 ಚೀಟಿ, ಅಂದರೆ ಒಂದು ಶಿಲ್ಲಿಂಗ್. ಇಪ್ಪತ್ತು ಸಾಲಿನ ಪೂರ್ತಿ ಹಾಳೆಗೆ 240 ಚೀಟಿ, ಅಂದರೆ ಸರಿಯಾಗಿ ಒಂದು ಪೌಂಡ್. ಅಂಚೆ ಗುಮಾಸ್ತ ಎಣಿಸುವ ಗೋಜಿಗೇ ಹೋಗಬೇಕಿರಲಿಲ್ಲ.

ಮೂಲೆಯ ಅಕ್ಷರಗಳು ಹಾಳೆಯಲ್ಲಿ ಚೀಟಿಯ ಜಾಗ ಹೇಳುತ್ತವೆ. ನಮ್ಮ ಚೀಟಿಯ ಕೆಳಗಿನ ಎಡ ಮೂಲೆಯಲ್ಲಿ ‘ಕೆ’, ಬಲ ಮೂಲೆಯಲ್ಲಿ ‘ಸಿ’ ಇತ್ತು. ಇಂಗ್ಲಿಷ್ ಅಕ್ಷರಮಾಲೆಯಲ್ಲಿ ಕೆ ಹನ್ನೊಂದನೆಯದು, ಸಿ ಮೂರನೆಯದು. ಹಾಗಾಗಿ ಹನ್ನೊಂದನೇ ಸಾಲಿನ ಮೂರನೇ ಚೀಟಿ. ಮೇಲಿನ ಮೂಲೆಗಳಲ್ಲಿ ಅದೇ ಅಕ್ಷರಗಳು ಅದಲು ಬದಲಾಗಿ ಬರುತ್ತವೆ. ನಾಲ್ಕೂ ಮೂಲೆಯಲ್ಲಿ ಅಕ್ಷರವಿರುವ ಈ ಕೆಂಪು ಚೀಟಿ 1864ರಿಂದ 1879ರವರೆಗಿನದು.

ತೂತಿನ ಅಂಚು. ಮೊದಮೊದಲು ಚೀಟಿಗಳನ್ನು ಕತ್ತರಿಯಲ್ಲೇ ಬಿಡಿಸುತ್ತಿದ್ದರು. ಹೆನ್ರಿ ಆರ್ಚರ್ ತೂತು ಹೊಡೆಯುವ ಯಂತ್ರ ಕಂಡುಹಿಡಿದ. ಬ್ರಿಟಿಷ್ ಸರ್ಕಾರ 1853ರಲ್ಲಿ ಅದರ ಹಕ್ಕನ್ನು 4,000 ಪೌಂಡಿಗೆ ಕೊಂಡಿತು. ಶುರುವಿನಲ್ಲಿ ಎರಡು ಸೆಂಟಿಮೀಟರಿಗೆ 16 ತೂತು. ಅಷ್ಟು ಒತ್ತಾಗಿದ್ದರೆ ಹಾಳೆ ಮುಟ್ಟಿದರೆ ಹರಿಯುತ್ತಿತ್ತು. ಅದಕ್ಕೇ 1855ರಲ್ಲಿ 14ಕ್ಕೆ ಇಳಿಸಿದರು.

ಎಣಿಸಲು ಪರ್ಫೊರೇಷನ್ ಗೇಜ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಸ್ಕೇಲ್ ಸಾಕು, ಆದರೆ ಉದ್ದನೆಯ ಬದಿಯಲ್ಲೇ ಎಣಿಸಿ. ಅಗಲ ಎರಡು ಸೆಂಟಿಮೀಟರೂ ಬರುವುದಿಲ್ಲ. ಹಲ್ಲಿನ ತುದಿಗಳನ್ನೂ ನೋಡಿ. ಹರಿದ ಹಲ್ಲಿನಲ್ಲಿ ಕಾಗದದ ನಾರು ಕಾಣುತ್ತದೆ. ಒಂದು ಬದಿಯಲ್ಲಿ ಮಾತ್ರ ನಾರಿಲ್ಲದೆ ನುಣುಪಾಗಿದ್ದರೆ ಅನುಮಾನಿಸಿ. ಯಾರೋ ಅಂಚು ಕತ್ತರಿಸಿ ಹೊಸದಾಗಿ ತೂತು ಹೊಡೆದಿರಬಹುದು.

ನಮ್ಮ ಚೀಟಿಯಲ್ಲಿ ಎಡಗಡೆಯ ತೂತುಗಳು ಚಿತ್ರವನ್ನೇ ಕಚ್ಚಿದ್ದವು. ಡ್ಯಾಮೇಜ್ ಎಂದು ಬರೆಯಲು ಹೊರಟಿದ್ದೆ. ಆದರೆ ಅದು ಡ್ಯಾಮೇಜ್ ಅಲ್ಲ, ಅದಕ್ಕೆ ಕಾರಣ ಆ ಒದ್ದೆ ಕಾಗದ! ಅಚ್ಚಾದ ಮೇಲೆ ಒಣಗುವಾಗ ಹಾಳೆ ಕುಗ್ಗುತ್ತದೆ, ಅದೂ ಒಂದೊಂದು ಹಾಳೆ ಒಂದೊಂದು ತರ. ಯಂತ್ರದ ಸೂಜಿಗಳ ಅಳತೆ ಮಾತ್ರ ಬದಲಾಗುವುದಿಲ್ಲ. ಹಾಗಾಗಿ ತೂತಿನ ಸಾಲು ಚಿತ್ರದ ಮೇಲೆ ಬೀಳುತ್ತಿತ್ತು. ಕೆತ್ತನೆಗೂ ಅಂಚಿಗೂ ಇರುವ ಈ ನಂಟೇ ವಿವರಣೆಯ ಜೀವಾಳ ಎಂದು ನನಗನ್ನಿಸಿತು. ಉಳಿದದ್ದನ್ನು ಕತ್ತರಿಸಿದೆ. ಆರ್ಚರ್ ಹೋದ, ಶಿಲ್ಲಿಂಗ್ ಹೋಯಿತು. ಕೊನೆಗೆ ಉಳಿದದ್ದು ಇದು:

> ಪೆನ್ನಿ ರೆಡ್, ಬ್ರಿಟನ್, 1864–1879
> ರಾಣಿಯ ಕೆನ್ನೆಯನ್ನು ಹತ್ತಿರದಿಂದ ನೋಡಿ. ನೆರಳೆಲ್ಲ ಗೆರೆಗಳೇ. ಉಕ್ಕಿನಲ್ಲಿ ಕೆತ್ತಿದ ಗೆರೆಗಳಲ್ಲಿ ಶಾಯಿ ತುಂಬಿ, ಒದ್ದೆ ಕಾಗದ ಒತ್ತಿ ಅಚ್ಚು ಹಾಕಿದ್ದಾರೆ. ಕೆಳಗಿರುವುದು ಬೆಲೆ: ‘ಒನ್ ಪೆನ್ನಿ’. ಇಂಥ 240 ಚೀಟಿಗಳ ಹಾಳೆಗೆ ಒಂದು ಪೌಂಡ್. ಮೂಲೆಯ ಅಕ್ಷರಗಳ ಪ್ರಕಾರ ಇದು ಹನ್ನೊಂದನೇ ಸಾಲಿನ ಮೂರನೆಯದು. ಅಂಚಿನಲ್ಲಿ ಎರಡು ಸೆಂಟಿಮೀಟರಿಗೆ 14 ತೂತು. ಕಾಗದ ಒಣಗಿ ಕುಗ್ಗಿದ್ದರಿಂದ ಎಡಗಡೆಯ ತೂತುಗಳು ಚಿತ್ರವನ್ನು ಕಚ್ಚಿವೆ.

ಪಕ್ಕದಲ್ಲಿ ಒಂದು ಭೂತಗನ್ನಡಿಯನ್ನು ದಾರ ಕಟ್ಟಿ ನೇತು ಹಾಕಿದೆವು. ದಾರ ಕಟ್ಟದಿದ್ದರೆ ಮಧ್ಯಾಹ್ನದೊಳಗೆ ಅದು ಇರುವುದಿಲ್ಲ.