ಹಗಲು ಫಿಕ್ಸ್ಚರ್, ಸಂಜೆ ಸ್ಟೀಲ್ ಟೇಬಲ್: ಎರಡನ್ನೂ ಬೇರೆ ಇಡುವ ಬಗೆ

ಚಾಕಣ್‌ನ ಕಾರು ಉದ್ಯಮದ ಕಂಪನಿಯೊಂದರಲ್ಲಿ ನನ್ನದು ವೆಲ್ಡಿಂಗ್ ಫಿಕ್ಸ್ಚರ್, ಅಂದರೆ ವೆಲ್ಡ್ ಮಾಡುವಾಗ ಭಾಗಗಳನ್ನು ಹಿಡಿದಿಡುವ ಚೌಕಟ್ಟುಗಳ ಡಿಸೈನ್. ಬಿಡುವಿನಲ್ಲಿ ಪುಣೆಯ ಉಡುಪಿ ಹೋಟೆಲಿನವರಿಗೆ ಅಡುಗೆಮನೆಯ ಸ್ಟೀಲ್ ಟೇಬಲ್, ರ‍್ಯಾಕ್‌ಗಳ ಡ್ರಾಯಿಂಗ್ ಮಾಡಿಕೊಡುತ್ತೇನೆ. ಎರಡಕ್ಕೂ ಬೇಕಾದದ್ದು ಒಂದೇ ವಿದ್ಯೆ, ಶೀಟ್ ಮೆಟಲ್. ತೊಡಕಿರುವುದೂ ಅಲ್ಲೇ.

ಆಫೀಸ್ ಹೊತ್ತು ಮುಗಿದ ಮೇಲೆ ಏನು ಮಾಡಿದರೂ ನಮ್ಮಿಷ್ಟ ಎಂದು ತುಂಬಾ ಜನ ತಿಳಿದಿದ್ದಾರೆ. ಕಾಂಟ್ರಾಕ್ಟ್ ಕಾಯ್ದೆಯ 27ನೇ ಕಲಮು ಬೇರೆ ಕಡೆ ದುಡಿಯಬಾರದೆಂಬ ನಿರ್ಬಂಧಗಳನ್ನು ರದ್ದು ಮಾಡುತ್ತದೆ ಎನ್ನುವವರೂ ಇದ್ದಾರೆ. ಆ ರಕ್ಷಣೆ ಮುಖ್ಯವಾಗಿ ಕೆಲಸ ಬಿಟ್ಟ ಮೇಲಿನದು. ಕೆಲಸದಲ್ಲಿರುವಷ್ಟು ಕಾಲ ಬೇರೆ ಕಡೆ ದುಡಿಯಬಾರದು ಎಂಬ ಷರತ್ತು ನಿಲ್ಲುತ್ತದೆ ಎಂದು ಸುಪ್ರೀಂ ಕೋರ್ಟ್ 1967ರಲ್ಲೇ ಹೇಳಿದೆ. ಆ ಪ್ರಕರಣ ಮುಂಬೈ ಪಕ್ಕದ ಕಲ್ಯಾಣದ ಒಂದು ಕಾರ್ಖಾನೆಯದು. ಹಾಗಾಗಿ ಮೊದಲು ಅಪಾಯಿಂಟ್‌ಮೆಂಟ್ ಲೆಟರ್ ತೆಗೆದು ಓದಬೇಕು, ಆಮೇಲೆ ಎಚ್‌ಆರ್‌ಗೆ ಇಮೇಲ್ ಬರೆಯಬೇಕು.

‘ಫ್ರೀಲಾನ್ಸ್ ಮಾಡಲೇ?’ ಎಂದಷ್ಟೇ ಕೇಳಿದರೆ ಸಿಗುವ ಉತ್ತರ ‘ಬೇಡ’. ನಾನು ಬರೆಯುವುದು ನಿರ್ದಿಷ್ಟವಾಗಿ: ಹೋಟೆಲ್ ಅಡುಗೆಮನೆಯ ಸಾಮಾನಿನ ಡ್ರಾಯಿಂಗ್, ಭಾನುವಾರ ಮತ್ತು ಸಂಜೆ ಮಾತ್ರ, ನನ್ನದೇ ಕಂಪ್ಯೂಟರ್, ನನ್ನದೇ ಸಾಫ್ಟ್‌ವೇರ್, ಇದರಲ್ಲಿ ನಮ್ಮ ಕಂಪನಿಯ ಗ್ರಾಹಕರೂ ಇಲ್ಲ, ವೆಂಡರ್‌ಗಳೂ ಇಲ್ಲ. ಮ್ಯಾನೇಜರ್ ಬಾಯಲ್ಲಿ ‘ಮಾಡ್ಕೊಳ್ಳಪ್ಪ’ ಅಂದರೆ ಸಾಲದು, ಅವರು ವರ್ಗವಾಗಿ ಹೋದರೆ ಆ ಮಾತೂ ಹೋಯಿತು. ಉತ್ತರ ಬರದಿದ್ದರೆ ಅದನ್ನು ಒಪ್ಪಿಗೆ ಎಂದು ಹಿಡಿಯಬಾರದು.

ವೆಂಡರ್ ಮಾತು ಏಕೆ ಬಂತೆಂದರೆ, ಭೋಸರಿಯ ಲೇಸರ್ ಕಟಿಂಗ್ ಶಾಪ್ ಒಂದು ನಮ್ಮ ಕಂಪನಿಗೂ ಮಾಲು ಕೊಡುತ್ತಿರಬಹುದು. ಹಗಲು ಅವರ ಪಾರ್ಟ್ ಪಾಸು ಮಾಡುವವನು ಸಂಜೆ ಅವರಲ್ಲೇ ಕಡಿಮೆ ದರಕ್ಕೆ ಶೀಟ್ ಕತ್ತರಿಸಿಕೊಂಡರೆ, ಹೋಟೆಲಿಗೂ ಕಾರಿಗೂ ಸಂಬಂಧವಿಲ್ಲದಿದ್ದರೂ ಅದು ಹಿತಾಸಕ್ತಿಯ ಘರ್ಷಣೆಯೇ. ನಮ್ಮ ವೆಂಡರ್ ಪಟ್ಟಿಯಲ್ಲಿ ಇಲ್ಲದ ಶಾಪನ್ನೇ ಹುಡುಕುತ್ತೇನೆ. ದರವನ್ನು ಹೋಟೆಲಿನವರೇ ಮಾತಾಡಿ, ಹಣವನ್ನೂ ಅವರೇ ನೇರ ಕೊಡುತ್ತಾರೆ.

ಎಲ್ಲಕ್ಕಿಂತ ಹೆಚ್ಚು ಜನ ಜಾರುವುದು ಕಂಪನಿಯ ಬೆಂಡ್ ಟೇಬಲ್, ಅಂದರೆ ಶೀಟ್ ಬಗ್ಗಿಸಿದಾಗ ಅಳತೆ ಎಷ್ಟು ಬದಲಾಗುತ್ತದೆ ಎಂಬ ಪಟ್ಟಿಯ ವಿಷಯದಲ್ಲಿ. ಶೀಟ್ ಬಗ್ಗಿಸುವುದು ಹೇಗೆಂಬ ತಿಳಿವಳಿಕೆ ನನ್ನದು. ಆದರೆ ಕಂಪನಿ ತನ್ನ ಪ್ರೆಸ್ ಬ್ರೇಕ್‌ನಲ್ಲಿ ತುಂಡು ತುಂಡು ಬಗ್ಗಿಸಿ, ಅಳೆದು ಬರೆದಿಟ್ಟ ಅಂಕಿಗಳು ಕಂಪನಿಯವು. ಅವನ್ನು ಪೆನ್‌ಡ್ರೈವ್‌ನಲ್ಲಿ ತರಬೇಕಾದ ಅಗತ್ಯವೇ ಇಲ್ಲ, ಏಕೆಂದರೆ ಇನ್ನೊಬ್ಬರ ಮಷಿನ್, ಡೈ ಬೇರೆ ಇದ್ದರೆ ಆ ಅಂಕಿಗಳು ಹೊಂದುವುದೂ ಇಲ್ಲ.

ನಾನು ಮಾಡುವುದು ಹೀಗೆ. ಟೇಬಲ್‌ಗೆ 304 ಸ್ಟೀಲ್, 1.2 ಮಿ.ಮೀ. ಎಂದಿಟ್ಟುಕೊಳ್ಳಿ. ಅದೇ ಶೀಟಿನ 100 ಮಿ.ಮೀ. ಉದ್ದದ ಪಟ್ಟಿಯನ್ನು ಶಾಪ್‌ನಲ್ಲಿ ನಡುವೆ 90 ಡಿಗ್ರಿಗೆ ಬಗ್ಗಿಸಿಕೊಳ್ಳುತ್ತೇನೆ. ಎರಡೂ ಕಾಲುಗಳ ಹೊರ ಅಳತೆಯನ್ನು ವರ್ನಿಯರ್‌ನಲ್ಲಿ ನೋಡಿ ಕೂಡಿದಾಗ 102.1 ಬಂದರೆ, ಬೆಂಡ್ ಡಿಡಕ್ಷನ್ 2.1. ಬಾಗಿದ ಭಾಗಕ್ಕೆ ಹೋಗುವ ಶೀಟಿನ ಉದ್ದ BA. ಬಗ್ಗಿಸುವಾಗ ಹಿಗ್ಗದೆ ಕುಗ್ಗದೆ ಉಳಿಯುವ ಪದರ ಒಳಮುಖದಿಂದ ದಪ್ಪದ ಎಷ್ಟು ಪಾಲು ದೂರದಲ್ಲಿದೆ ಎಂಬುದು K. ಒಳ ರೇಡಿಯಸ್ 1.2 ಇದ್ದರೆ:

```
BA = 2 × (1.2 + 1.2) − 2.1 = 2.7
K  = (2.7 / 1.5708 − 1.2) / 1.2 ≈ 0.43
```

ಈ 0.43 ಆ ಶಾಪ್‌ನ ಆ ಶೀಟಿಗೆ ನಾನೇ ಅಳೆದು ಪಡೆದದ್ದು. ಅಳತೆಯ ಚೀಟಿಯನ್ನು ತಾರೀಖಿನ ಸಮೇತ ಫೈಲಿನಲ್ಲಿ ಇಡುತ್ತೇನೆ. ಎಂದಾದರೂ ‘ಈ ಅಂಕಿ ಎಲ್ಲಿಂದ ಬಂತು?’ ಎಂದು ಕೇಳಿದರೆ ತೋರಿಸಲು ಅದಿದೆ.

ಡ್ರಾಯಿಂಗ್ ಮಾಡಲು ಕಂಪನಿಯ ಸಾಲಿಡ್‌ವರ್ಕ್ಸ್ ಸಾಫ್ಟ್‌ವೇರ್ ಲೈಸೆನ್ಸ್ ಮುಟ್ಟುವುದಿಲ್ಲ. ಸ್ಟೂಡೆಂಟ್ ವರ್ಷನ್ ಕೂಡ ಸಂಪಾದನೆಯ ಕೆಲಸಕ್ಕೆ ಸಲ್ಲದು. ನಾನು ಫ್ರೀಕ್ಯಾಡ್ ಬಳಸುತ್ತೇನೆ. ಅದು ಉಚಿತ, ದುಡ್ಡಿನ ಕೆಲಸಕ್ಕೂ ನಿರ್ಬಂಧವಿಲ್ಲ. ಟೈಟಲ್ ಬ್ಲಾಕ್ ಹೊಸದಾಗಿ ಬರೆದದ್ದು. ಆಫೀಸಿನ ಟೆಂಪ್ಲೇಟ್‌ನಲ್ಲಿ ಲೋಗೋ ಅಳಿಸಿದರೂ ಫೈಲ್ ಪ್ರಾಪರ್ಟಿಯಲ್ಲಿ `Author`, `Last Saved By` ಉಳಿದುಬಿಡುತ್ತವೆ. ಶಾಪಿಗೆ 3ಡಿ ಮಾದರಿಯ STEP ಫೈಲ್ ಕಳಿಸುವ ಮುನ್ನ ನೋಟ್‌ಪ್ಯಾಡ್‌ನಲ್ಲಿ ತೆರೆದು ಮೇಲಿನ `FILE_NAME` ಸಾಲು ನೋಡಿ. ಬರೆದವರ ಹೆಸರು, ಸಂಸ್ಥೆ, ಸಾಫ್ಟ್‌ವೇರ್ ಅಲ್ಲೇ ಬರುತ್ತವೆ.

ಹಣ ಬ್ಯಾಂಕ್ ಮೂಲಕವೇ, ಬಿಲ್ಲಿನಲ್ಲಿ ‘ಡ್ರಾಯಿಂಗ್ ಫೀಸ್’ ಎಂದು. ಕಂಪನಿಯ ಹೆಸರಾಗಲಿ ನನ್ನ ಹುದ್ದೆಯಾಗಲಿ ಅದರಲ್ಲಿ ಇರುವುದಿಲ್ಲ. ಇದು ವೃತ್ತಿಯ ಆದಾಯವಾದ್ದರಿಂದ ಸಂಬಳದವರು ಅಭ್ಯಾಸಬಲದಿಂದ ತುಂಬುವ ಐಟಿಆರ್-1 ಆಗದು. ಯಾರಾದರೂ ‘ಪಿಎಫ್ ಹಾಕಿ ಸಂಬಳದ ಮೇಲೇ ತಗೊಳ್ತೇವೆ ಮಾರಾಯ್ರೆ’ ಎಂದರೆ ಒಪ್ಪುವುದಿಲ್ಲ. ಅದು ಫ್ರೀಲಾನ್ಸ್ ಅಲ್ಲ, ಎರಡನೇ ನೌಕರಿ. ಎಚ್‌ಆರ್ ಕೊಟ್ಟ ಒಪ್ಪಿಗೆ ಅದಕ್ಕೆ ಅನ್ವಯಿಸುವುದಿಲ್ಲ.

ಒಪ್ಪಿಗೆ ಒಮ್ಮೆ ಸಿಕ್ಕಿತೆಂದು ಸುಮ್ಮನಿರುವಂತಿಲ್ಲ. ನನ್ನನ್ನು ಪರ್ಚೇಸ್ ಕಡೆಗೆ ಹಾಕಿದರೆ, ಇಲ್ಲವೇ ಕಂಪನಿಯೇ ಸ್ಟೀಲ್ ಫರ್ನಿಚರ್ ಆರ್ಡರ್ ಹಿಡಿದರೆ, ಕೈಯಲ್ಲಿರುವ ಹೋಟೆಲ್ ಕೆಲಸ ನಿಲ್ಲಿಸಿ ಹೊಸದಾಗಿ ಇಮೇಲ್ ಬರೆಯಬೇಕು.