ಅರ್ಧಕ್ಕರ್ಧ ಇಳಿಯಬೇಕಿದ್ದ ಲೆಕ್ಕ

ಶಿರಸಿಯಲ್ಲಿ ಶಸ್ತ್ರಚಿಕಿತ್ಸಕನಾಗಿ ಕೆಲಸ ಮಾಡುವ ನಾನು ವೃಷಣದ ಕ್ಯಾನ್ಸರನ್ನು ಹೆಚ್ಚು ಕಂಡವನಲ್ಲ. ಕಂಡವರಲ್ಲಿ ಇಪ್ಪತ್ತಾರು ವರ್ಷದ ಒಬ್ಬ ಕೊನೆಗೌಡನ, ಅಂದರೆ ಅಡಿಕೆ ಮರ ಹತ್ತಿ ಕೊನೆ ಇಳಿಸುವವನ, ಚಿಕಿತ್ಸೆಯನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ. ಶಸ್ತ್ರಚಿಕಿತ್ಸೆ ಸರಿಯಾಗಿ ಮುಗಿದು, ಸ್ಕ್ಯಾನ್ ಶುದ್ಧವಾಗಿದ್ದರೂ, ರೋಗ ಇನ್ನೂ ದೇಹದಲ್ಲಿದೆ ಎಂಬುದನ್ನು ರಕ್ತದ ಒಂದು ಸಂಖ್ಯೆ ಮಾತ್ರ ತಿಳಿಸಿದ ಪ್ರಕರಣವದು.

ಅವನು ಬಂದದ್ದು ಮಳೆಗಾಲ ಮುಗಿದ ಮೇಲೆ. ಬಲ ವೃಷಣದಲ್ಲಿ ಗಂಟು ಸಿಕ್ಕಿದ್ದು ಜೂನ್ ತಿಂಗಳಿನಲ್ಲಿ, ಅಡಿಕೆ ಮರಗಳಿಗೆ ಕೊಳೆ ಔಷಧಿ ಹೊಡೆಯುವ ಕೆಲಸ ತುಂಬಿದ್ದ ಹೊತ್ತಿನಲ್ಲಿ. ನೋವಿರಲಿಲ್ಲ. ಮರದಿಂದ ಇಳಿಯುವಾಗ ಉಜ್ಜಿ ಪೆಟ್ಟಾಗಿರಬೇಕೆಂದು ಅವನೇ ತೀರ್ಮಾನಿಸಿಕೊಂಡಿದ್ದ. ಬೇರೊಂದು ಕಡೆ ತೋರಿಸಿದಾಗ ಸೋಂಕಿನ ಬಾವೆಂದು ಎರಡು ಬಾರಿ ಆಂಟಿಬಯೋಟಿಕ್ ಕೊಟ್ಟಿದ್ದರು, ಗಂಟು ಕರಗಿರಲಿಲ್ಲ.

"ನೋವಿದ್ರೆ ಅವತ್ತೇ ಬರ್ತಿದ್ದೆ ಡಾಕ್ಟ್ರೇ" ಎಂದ. ಈ ರೋಗದಲ್ಲಿ ತಡವಾಗುವುದು ಹೆಚ್ಚಾಗಿ ಈ ಕಾರಣಕ್ಕೇ. ಸೋಂಕಾಗಿದ್ದರೆ ಸಾಮಾನ್ಯವಾಗಿ ನೋವು, ಜ್ವರ, ಮೂತ್ರದ ಉರಿ ಇರುತ್ತದೆ, ಮತ್ತು ವೃಷಣದ ಹಿಂಬದಿಯ ನಾಳದ ಸುರುಳಿ ಊದಿಕೊಂಡಿರುತ್ತದೆ. ಇವನಲ್ಲಿ ಆ ಸುರುಳಿ ಮೆತ್ತಗೆ, ಬೇರೆಯಾಗಿ ಕೈಗೆ ಸಿಗುತ್ತಿತ್ತು. ಹಸಿ ಅಡಿಕೆಯಷ್ಟು ಗಟ್ಟಿಯಾದ ಗಂಟು ವೃಷಣದ ಒಡಲಿನಲ್ಲೇ ಇತ್ತು. ನೀರು ತುಂಬಿದ ಬಾವಾಗಿದ್ದರೆ ಕತ್ತಲಲ್ಲಿ ಹಿಂದಿನಿಂದ ಟಾರ್ಚ್ ಹಿಡಿದಾಗ ಕೆಂಪಗೆ ಹೊಳೆಯುತ್ತದೆ. ಇಲ್ಲಿ ಬೆಳಕು ದಾಟಲಿಲ್ಲ. ಅಂದೇ ಮಾಡಿಸಿದ ಅಲ್ಟ್ರಾಸೌಂಡಿನಲ್ಲಿ ಮೂರು ಸೆಂಟಿಮೀಟರಿಗೂ ದೊಡ್ಡದಾದ, ಒಳಗೆ ರಕ್ತ ಹರಿಯುತ್ತಿದ್ದ ಗಡ್ಡೆ ಕಂಡಿತು.

ಸೂಜಿ ಚುಚ್ಚಿ ತುಣುಕು ತೆಗೆದು ಪರೀಕ್ಷಿಸಬಾರದೇ ಎಂದು ಅವನ ಅಣ್ಣ ಕೇಳಿದರು. ಬೇರೆ ಗಡ್ಡೆಗಳಲ್ಲಿ ಸರಿಯಾದ ಆ ಕ್ರಮ ಇಲ್ಲಿ ತಪ್ಪು. ಭ್ರೂಣಾವಸ್ಥೆಯಲ್ಲಿ ವೃಷಣ ಹುಟ್ಟುವುದು ಹೊಟ್ಟೆಯೊಳಗೆ, ಮೂತ್ರಪಿಂಡದ ಹತ್ತಿರ. ಕೆಳಗಿಳಿದು ಬಂದ ಮೇಲೂ, ಕ್ಯಾನ್ಸರ್ ಕೋಶಗಳು ಹರಡಲು ಬಳಸುವ ಅದರ ದುಗ್ಧರಸನಾಳಗಳು ಹೊಟ್ಟೆಯ ಹಿಂಭಾಗಕ್ಕೇ ಹೋಗುತ್ತವೆ. ವೃಷಣಚೀಲದ ಚರ್ಮದ ನಾಳಗಳಾದರೋ ತೊಡೆಸಂದಿಗೆ ಹೋಗುತ್ತವೆ. ಚೀಲದ ಮೂಲಕ ಸೂಜಿ ಅಥವಾ ಚಾಕು ಹೋದರೆ ರೋಗಕ್ಕೆ ಇಲ್ಲದಿದ್ದ ಹೊಸ ದಾರಿಯೊಂದು ತೆರೆದುಕೊಳ್ಳಬಹುದು. ಆದ್ದರಿಂದ ವೃಷಣವನ್ನು ಇಡಿಯಾಗಿ, ತೊಡೆಸಂದಿಯ ಮೇಲಿನಿಂದಲೇ ತೆಗೆಯಬೇಕು.

ಅದಕ್ಕೂ ಮುಂಚೆ ರಕ್ತ ತೆಗೆದು ಹುಬ್ಬಳ್ಳಿಗೆ ಕಳಿಸಿದೆ. ಈ ಗಡ್ಡೆಗಳಲ್ಲಿ ಕೆಲವು ಎಎಫ್‌ಪಿ, ಬೀಟಾ ಎಚ್‌ಸಿಜಿ ಎಂಬ ವಸ್ತುಗಳನ್ನು ರಕ್ತಕ್ಕೆ ಬಿಡುತ್ತವೆ. ಎರಡನೆಯದು ಗರ್ಭಿಣಿಯರ ಪರೀಕ್ಷೆಯಲ್ಲಿ ನೋಡುವ ಹಾರ್ಮೋನೇ. ಗಂಡಸರಲ್ಲಿ ಎಎಫ್‌ಪಿ ಸಾಮಾನ್ಯವಾಗಿ ಮಿಲಿಲೀಟರಿಗೆ 10 ನ್ಯಾನೊಗ್ರಾಮಿನ ಒಳಗಿರುತ್ತದೆ; ಇವನಲ್ಲಿ 640 ಇತ್ತು. ಎಚ್‌ಸಿಜಿ ಐದರೊಳಗೆ ಇರಬೇಕಾದದ್ದು 210 ಇತ್ತು. ಶಸ್ತ್ರಚಿಕಿತ್ಸೆಗೆ ಮೊದಲಿನ ಈ ಸಂಖ್ಯೆಗಳು ಕೈಯಲ್ಲಿಲ್ಲದಿದ್ದರೆ ಆಮೇಲಿನ ಯಾವ ಲೆಕ್ಕಕ್ಕೂ ಆಧಾರವಿರುವುದಿಲ್ಲ. ಎಲ್ಲ ಗಡ್ಡೆಗಳೂ ಇವನ್ನು ಬಿಡುವುದಿಲ್ಲ ಎಂಬುದನ್ನೂ ಹೇಳಬೇಕು. ಸೆಮಿನೋಮ ಎಂಬ ಬಗೆ ಎಎಫ್‌ಪಿಯನ್ನು ಬಿಡುವುದೇ ಇಲ್ಲ. ಹಾಗಾಗಿ ರಕ್ತ ಸರಿಯಿದೆ ಎಂದ ಮಾತ್ರಕ್ಕೆ ಗಂಟನ್ನು ಬಿಟ್ಟುಬಿಡುವಂತಿಲ್ಲ.

ಅವನಿಗೆ ಮದುವೆಯಾಗಿ ಎಂಟು ತಿಂಗಳಾಗಿತ್ತು. ಒಂದು ವೃಷಣ ಉಳಿದರೆ ಗಂಡಸ್ತನಕ್ಕೂ ಮಕ್ಕಳಾಗುವುದಕ್ಕೂ ಸಾಮಾನ್ಯವಾಗಿ ಸಾಕಾಗುತ್ತದೆ. ಆದರೆ ಮುಂದೆ ಕಿಮೊಥೆರಪಿ ಬೇಕಾದರೆ ವೀರ್ಯದ ಉತ್ಪತ್ತಿ ಕುಗ್ಗಬಹುದೆಂದು ತಿಳಿಸಿ, ಹುಬ್ಬಳ್ಳಿಯಲ್ಲಿ ವೀರ್ಯವನ್ನು ಶೀತಲೀಕರಿಸಿ ಇಡಿಸಲು ಹೇಳಿದೆ. ತಲೆ ತಗ್ಗಿಸಿಕೊಂಡು ಕೇಳಿದ. ಆದರೂ ಮರುದಿನವೇ ಹೋಗಿ ಬಂದ.

ಹರ್ನಿಯಾಕ್ಕೆ ಕೊಯ್ಯುವ ಜಾಗದಲ್ಲೇ ತೊಡೆಸಂದಿಯ ಮೇಲೆ ಕೊಯ್ದೆ. ವೃಷಣವನ್ನು ಮುಟ್ಟುವ ಮೊದಲು, ಅದಕ್ಕೆ ರಕ್ತ ಒಯ್ಯುವ ನಾಳಗಳ ಹಗ್ಗವನ್ನು ಹೊಟ್ಟೆಯಿಂದ ಹೊರಬರುವ ದ್ವಾರದ ಬಳಿಯೇ ಕ್ಲ್ಯಾಂಪ್ ಹಾಕಿ ಮುಚ್ಚಿದೆ. ಗಡ್ಡೆಯನ್ನು ಅಲುಗಾಡಿಸುವಾಗ ಜೀವಕೋಶಗಳು ಮೇಲಕ್ಕೆ ಹರಿಯಬಾರದೆಂದು ಈ ಕ್ರಮ. ಬಳಿಕ ಚೀಲವನ್ನು ಕೆಳಗಿನಿಂದ ಒತ್ತಿ ವೃಷಣವನ್ನು ಗಾಯದ ಮೂಲಕ ಮೇಲಕ್ಕೆ ತಂದು, ಹಗ್ಗವನ್ನು ಕರಗದ ದಾರದಿಂದ ಎರಡು ಕಡೆ ಕಟ್ಟಿ ಕತ್ತರಿಸಿದೆ. ಆ ದಾರದ ತುದಿಯನ್ನು ಉದ್ದವಾಗಿ ಬಿಟ್ಟೆ. ಮುಂದೆಂದಾದರೂ ಹೊಟ್ಟೆಯ ಹಿಂಭಾಗದ ಗ್ರಂಥಿಗಳನ್ನು ತೆಗೆಯಬೇಕಾಗಿ ಬಂದರೆ ಉಳಿದ ತುಂಡನ್ನು ಹುಡುಕಲು ಅದೇ ಗುರುತು. ಮೂರನೆಯ ದಿನ ಅವನು ಮನೆಗೆ ಹೋದ.

ಗಡ್ಡೆ ಎರಡು ಬಗೆಯ ಕೋಶಗಳ ಮಿಶ್ರಣವೆಂದೂ, ವೃಷಣದ ಹೊರಗೆ ಹೋಗಿಲ್ಲವೆಂದೂ, ರಕ್ತನಾಳಗಳನ್ನು ಹೊಕ್ಕಿಲ್ಲವೆಂದೂ ವರದಿ ಬಂತು. ಎದೆ ಮತ್ತು ಹೊಟ್ಟೆಯ ಸಿಟಿ ಸ್ಕ್ಯಾನಿನಲ್ಲಿ ಏನೂ ಕಾಣಲಿಲ್ಲ. ಇಂಥವರಲ್ಲಿ ಬಹಳಷ್ಟು ಜನರಿಗೆ ಮುಂದೆ ಔಷಧಿಯೇ ಬೇಕಾಗುವುದಿಲ್ಲ, ನಿಗಾ ಇಟ್ಟರೆ ಸಾಕು. ಆದರೆ ಆ ಮಾತನ್ನು ಹೇಳುವ ಮೊದಲು ರಕ್ತದ ಲೆಕ್ಕ ಮುಗಿಯಬೇಕು.

ಗಡ್ಡೆ ಹೋದ ಮೇಲೆ ಎಎಫ್‌ಪಿ ಐದರಿಂದ ಏಳು ದಿನಕ್ಕೊಮ್ಮೆ ಅರ್ಧವಾಗುತ್ತಾ ಇಳಿಯಬೇಕು. ಎಚ್‌ಸಿಜಿ ಇನ್ನೂ ಬೇಗ, ಸುಮಾರು ಒಂದೂವರೆ ದಿನಕ್ಕೆ ಅರ್ಧವಾಗುತ್ತದೆ. ಇವನಲ್ಲಿ ಅದು ಎರಡು ವಾರದೊಳಗೆ ಸಹಜಕ್ಕೆ ಬಂತು. ಎಎಫ್‌ಪಿಯನ್ನು ನಿಧಾನದ ಅಳತೆಯಲ್ಲಿ ಲೆಕ್ಕ ಹಾಕಿದರೂ 640 ಇದ್ದದ್ದು ಒಂದು ವಾರಕ್ಕೆ 320, ಎರಡಕ್ಕೆ 160, ಮೂರಕ್ಕೆ 80, ನಾಲ್ಕಕ್ಕೆ 40 ಆಗಬೇಕು. ಮೊದಲ ವಾರ 310 ಬಂತು, ಎರಡನೆಯ ವಾರ 158. ಮೂರನೆಯ ವಾರ 96 ಬಂದಾಗ ನನಗೆ ಸಂಶಯ ಹುಟ್ಟಿತು, ಆದರೆ ಒಂದೇ ಸಂಖ್ಯೆಯಿಂದ ತೀರ್ಮಾನಿಸಬಾರದೆಂದು ಕಾದೆ. ನಾಲ್ಕನೆಯ ವಾರ ಅದೇ ಪ್ರಯೋಗಾಲಯದಲ್ಲಿ 104 ಬಂತು.

ಯಕೃತ್ತಿನ ಕಾಯಿಲೆಯಿಂದಲೂ ಎಎಫ್‌ಪಿ ಏರುವುದುಂಟು. ಯಕೃತ್ತಿನ ಪರೀಕ್ಷೆ, ಹೆಪಟೈಟಿಸ್ ಪರೀಕ್ಷೆ ಎರಡೂ ಸರಿಯಾಗಿದ್ದವು. ಹಾಗಾದರೆ ಉಳಿದ ಅರ್ಥ ಒಂದೇ: ಸ್ಕ್ಯಾನಿಗೆ ಕಾಣದಷ್ಟು ಸಣ್ಣದಾಗಿ ರೋಗ ಬೇರೆಲ್ಲೋ ಇದೆ. ಸ್ಕ್ಯಾನಿನಲ್ಲಿ ಕಾಣುವವರೆಗೆ ಕಾಯುವುದು ಇಲ್ಲಿ ಸರಿಯಲ್ಲ.

ಹುಬ್ಬಳ್ಳಿಯ ಕ್ಯಾನ್ಸರ್ ತಜ್ಞರು ಬ್ಲಿಯೋಮೈಸಿನ್, ಎಟೊಪೊಸೈಡ್, ಸಿಸ್ಪ್ಲಾಟಿನ್ ಸೇರಿದ ಕಿಮೊಥೆರಪಿಯನ್ನು ಇಪ್ಪತ್ತೊಂದು ದಿನಕ್ಕೊಂದರಂತೆ ಮೂರು ಸುತ್ತು ಕೊಟ್ಟರು. ಸಿಸ್ಪ್ಲಾಟಿನ್ ಬರುವ ಮೊದಲು ಹರಡಿದ ವೃಷಣ ಕ್ಯಾನ್ಸರಿನಿಂದ ಬದುಕುಳಿಯುತ್ತಿದ್ದವರು ತೀರ ಕಡಿಮೆ. 1974ರಲ್ಲಿ ಅಮೆರಿಕದ ಇಂಡಿಯಾನಾದಲ್ಲಿ ಲಾರೆನ್ಸ್ ಐನ್‌ಹಾರ್ನ್ ಅದನ್ನು ಬೇರೆ ಔಷಧಿಗಳ ಜೊತೆ ಸೇರಿಸಿ ಕೊಡಲಾರಂಭಿಸಿದ ಮೇಲೆ ಸ್ಥಿತಿ ಬದಲಾಯಿತು. ಇಂದು ವೃಷಣದೊಳಗೇ ಇರುವ ರೋಗದಲ್ಲಿ ನೂರಕ್ಕೆ ಸುಮಾರು 99 ಮಂದಿ ಗುಣವಾಗುತ್ತಾರೆ. ಹರಡಿದ್ದರೂ ಸಂಖ್ಯೆಗಳು ಇವನಷ್ಟು ಕಡಿಮೆಯಿರುವ ಗುಂಪಿನಲ್ಲಿ 90ಕ್ಕೂ ಹೆಚ್ಚು ಮಂದಿ.

ಚಿಕಿತ್ಸೆ ಸುಲಭವಾಗಿರಲಿಲ್ಲ. ಎರಡನೆಯ ಸುತ್ತಿನ ನಂತರ ಬಿಳಿ ರಕ್ತಕಣಗಳು ಕುಸಿದು ಜ್ವರ ಬಂತು. ಜ್ವರ ಬಂದ ಗಳಿಗೆಯಲ್ಲೇ ಹೊರಡಬೇಕೆಂದು ಹೇಳಿಟ್ಟಿದ್ದರಿಂದ ಅಣ್ಣ ರಾತ್ರಿಯೇ ಘಟ್ಟದ ದಾರಿಯಲ್ಲಿ ಅವನನ್ನು ಆಸ್ಪತ್ರೆಗೆ ತಂದರು. ಬ್ಲಿಯೋಮೈಸಿನ್ ಶ್ವಾಸಕೋಶವನ್ನು ಗಾಯಗೊಳಿಸಬಲ್ಲದು, ಆದ್ದರಿಂದ ಬೀಡಿ ಬಿಡಿಸಿದೆವು. ಮುಂದೆ ಯಾವ ಶಸ್ತ್ರಚಿಕಿತ್ಸೆಯಾದರೂ ಈ ಔಷಧಿ ಪಡೆದದ್ದನ್ನು ಅರಿವಳಿಕೆ ವೈದ್ಯರಿಗೆ ತಿಳಿಸುವಂತೆ ಚೀಟಿ ಬರೆದುಕೊಟ್ಟೆ. ಮೂರನೆಯ ಸುತ್ತು ಮುಗಿದಾಗ ಎಎಫ್‌ಪಿ 4 ಇತ್ತು.

ಈಗ ಮೂರು ವರ್ಷ ಕಳೆದಿದೆ. ಕೆಲಸ ನಿಲ್ಲಿಸಿದ ಆರನೆಯ ತಿಂಗಳಿಗೆ ಅವನು ಮತ್ತೆ ಮರ ಹತ್ತಿದ. ಇನ್ನೊಂದು ವೃಷಣದಲ್ಲೂ ಮುಂದೆ ಗಡ್ಡೆ ಬರುವ ಸಣ್ಣ ಸಾಧ್ಯತೆ ಉಳಿದಿರುವುದರಿಂದ, ತಿಂಗಳಿಗೊಮ್ಮೆ ಬಿಸಿನೀರಿನ ಸ್ನಾನವಾದ ಮೇಲೆ ಹೆಬ್ಬೆರಳು ಮತ್ತು ಬೆರಳುಗಳ ನಡುವೆ ಉರುಳಿಸಿ ನೋಡಿಕೊಳ್ಳುವುದನ್ನು ಕಲಿಸಿದ್ದೇನೆ. ಕಳೆದ ಬಾರಿ ಬಂದಾಗ ತನ್ನ ಚಿಕ್ಕಪ್ಪನ ಮಗನನ್ನೂ ಕರೆತಂದಿದ್ದ. "ಇವಂಗೂ ಒಂದು ಗಂಟು ಸಿಕ್ಕಿದೆ, ನೋವಿಲ್ಲ ಹೇಳ್ತಾನೆ, ಅದಕ್ಕೇ ಕರ್ಕಂಡು ಬಂದೆ" ಎಂದ. ಟಾರ್ಚ್ ಹಿಡಿದೆ; ಬೆಳಕು ಪೂರ್ತಿ ದಾಟಿತು. ಹಾಗಿದ್ದರೂ ಅಂದೇ ಸ್ಕ್ಯಾನ್ ಮಾಡಿಸಿ, ನೀರು ತುಂಬಿದ ಬಾವಷ್ಟೇ ಎಂದು ಖಚಿತವಾದ ಮೇಲೆ ಇಬ್ಬರನ್ನೂ ಕಳಿಸಿದೆ.